ಕಾಲು ಭಾಗ ಅಂದರೆ ಎಷ್ಟು ಜನ? ಸಂಶೋಧನಾ ಪ್ರಬಂಧವೊಂದನ್ನು ಸಾಮಾನ್ಯ ಓದುಗರಿಗೆ ದಾಟಿಸುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಂಶೋಧನಾ ಪ್ರಬಂಧದ ಸಾರಾಂಶ ಬರೆಯುವುದು ಹೇಗೆ ಎಂದು ಹತ್ತಾರು ಪ್ರಬಂಧಗಳನ್ನು ಮೇಲಿಂದ ಮೇಲೆ ಮುಟ್ಟಿ ಹೇಳುವ ಬದಲು, ಇವತ್ತು ಒಂದೇ ಪ್ರಬಂಧವನ್ನು ಬಿಚ್ಚಿ ಇಟ್ಟುಕೊಳ್ಳೋಣ. 2015ರ ನವೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ‘ಸ್ಪ್ರಿಂಟ್’ ಅಧ್ಯಯನ ಅದು. ಬಿ.ಪಿ.ಯನ್ನು ಎಷ್ಟರ ಮಟ್ಟಿಗೆ ಇಳಿಸಬೇಕು ಎಂದು ಕೇಳಿದ ಅಧ್ಯಯನ. ಬಿ.ಪಿ. ಗೊತ್ತಿಲ್ಲದವರಿಲ್ಲ, ಆದ್ದರಿಂದ ವಿಷಯ ಅರ್ಥಮಾಡಿಸುವ ಕಷ್ಟ ಕಡಿಮೆ. ಪ್ರಬಂಧದಲ್ಲಿ ಇದ್ದದ್ದು ಓದುಗರನ್ನು ತಲುಪುವಾಗ ಎಲ್ಲಿ ಬದಲಾಗಿಬಿಡುತ್ತದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದರ ಬಗ್ಗೆ ಯಾರು ಬೇಕಾದರೂ ಥಟ್ಟನೆ ಬರೆಯಬಹುದಾದ ವಾಕ್ಯ ಇದು: “ಬಿ.ಪಿ.ಯನ್ನು 120ಕ್ಕಿಂತ ಕೆಳಗೆ ಇಳಿಸಿದರೆ ಹೃದ್ರೋಗದ ಅಪಾಯ ಶೇ 25ರಷ್ಟು ಕಡಿಮೆಯಾಗುತ್ತದೆ.” ಈ ವಾಕ್ಯದಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. ಆದರೂ ಓದಿದವರು ತಪ್ಪನ್ನೇ ತಿಳಿದುಕೊಳ್ಳುತ್ತಾರೆ. ಯಾರ ಬಿ.ಪಿ., ಯಾವುದಕ್ಕೆ ಹೋಲಿಸಿ, ಎಷ್ಟು ವರ್ಷದಲ್ಲಿ, ಯಾವುದರ ಶೇ 25, ಅದಕ್ಕೆ ತೆತ್ತದ್ದೇನು — ಇವು ಯಾವುವೂ ಅದರಲ್ಲಿಲ್ಲ. ಇನ್ನು ಮುಂದೆ ನಾವು ಮಾಡಬೇಕಾದ ಕೆಲಸ ಈ ಒಂದು ವಾಕ್ಯವನ್ನು ಸರಿಪಡಿಸುವುದು, ಅಷ್ಟೇ.

ಮೊದಲು ಓದುವ ಕ್ರಮ. ಪ್ರಬಂಧದ ತಲೆಯಲ್ಲಿರುವ ಅಬ್‌ಸ್ಟ್ರಾಕ್ಟ್ ಓದಿ ಅದನ್ನೇ ಸುಲಭ ಭಾಷೆಗೆ ಇಳಿಸುವುದು ಎಲ್ಲರೂ ಹಿಡಿಯುವ ದಾರಿ. ಆ ದಾರಿ ಬೇಡ. ಅಬ್‌ಸ್ಟ್ರಾಕ್ಟ್ ಬರೆದಿರುವುದು ಅದೇ ಕ್ಷೇತ್ರದವರಿಗಾಗಿ. ಅವರಿಗೆ ಗೊತ್ತಿರುವುದನ್ನೆಲ್ಲ ಅದು ಬಿಟ್ಟಿರುತ್ತದೆ, ನಮ್ಮ ಓದುಗರಿಗೆ ಬೇಕಾದದ್ದೇ ಆ ಬಿಟ್ಟ ಭಾಗ. ಅಬ್‌ಸ್ಟ್ರಾಕ್ಟನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ವಿಧಾನದ ಭಾಗ ಓದಿ. ಆಮೇಲೆ ಮೊದಲ ಕೋಷ್ಟಕ. ಭಾಗವಹಿಸಿದವರು ಎಂಥವರು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಫಲಿತಾಂಶದ ಕೋಷ್ಟಕ, ಅದರ ಬೆನ್ನಿಗೇ ತೊಂದರೆಗಳ ಕೋಷ್ಟಕ. ಲೇಖಕರು ತಾವೇ ಒಪ್ಪಿಕೊಂಡ ಮಿತಿಗಳು ಚರ್ಚೆಯ ಕೊನೆಕೊನೆಗೆ ಸಿಗುತ್ತವೆ. ಇಷ್ಟಾದ ಮೇಲೆ ಅಬ್‌ಸ್ಟ್ರಾಕ್ಟ್ ಓದಿದರೆ, ಯಾವುದನ್ನು ಮುಂದಕ್ಕೆ ತಂದಿದ್ದಾರೆ, ಯಾವುದನ್ನು ಹಿಂದಕ್ಕೆ ಸರಿಸಿದ್ದಾರೆ ಎಂಬುದು ತಾನಾಗಿ ಕಾಣುತ್ತದೆ.

ಚಿಕಿತ್ಸಾ ಪ್ರಯೋಗವಾಗಿದ್ದರೆ ಇನ್ನೊಂದು ಕಡೆಯೂ ನೋಡಬೇಕು. ಇಂಥ ಪ್ರಯೋಗಗಳನ್ನು ಶುರುವಿನಲ್ಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಿರುತ್ತಾರೆ. ಸ್ಪ್ರಿಂಟ್‌ನ ಸಂಖ್ಯೆ NCT01206062, ClinicalTrials.gov ತಾಣದಲ್ಲಿ ಈ ಸಂಖ್ಯೆ ಹಾಕಿದರೆ ದಾಖಲೆ ತೆರೆದುಕೊಳ್ಳುತ್ತದೆ. ‘ನಾವು ಮುಖ್ಯವಾಗಿ ಅಳೆಯುವುದು ಇದನ್ನು’ ಎಂದು ಅಲ್ಲಿ ಬರೆದದ್ದಕ್ಕೂ ಪ್ರಬಂಧದಲ್ಲಿ ಮುಖ್ಯ ಎಂದು ತೋರಿಸಿದ್ದಕ್ಕೂ ತಾಳೆ ಆಗಬೇಕು. ಆಗದಿದ್ದರೆ, ಫಲಿತಾಂಶ ನೋಡಿದ ಮೇಲೆ ಪ್ರಶ್ನೆ ಬದಲಾಯಿಸಿರಬಹುದು ಎಂಬ ಅನುಮಾನಕ್ಕೆ ಜಾಗವಿದೆ, ಅದನ್ನು ಸಾರಾಂಶದಲ್ಲಿ ಹೇಳಬೇಕು.

ಈಗ ಉದ್ದೇಶ. ಇದನ್ನು ಒಂದು ಪ್ರಶ್ನೆಯಾಗಿ ಬರೆದುಬಿಡುವುದು ಒಳ್ಳೆಯದು. “ಅಧಿಕ ರಕ್ತದೊತ್ತಡದ ನಿರ್ವಹಣೆಯ ಕುರಿತು ಹೊಸ ಬೆಳಕು ಚೆಲ್ಲುವುದು ಈ ಅಧ್ಯಯನದ ಉದ್ದೇಶ” ಎಂದು ಬರೆದರೆ ಓದುಗರ ಕೈಗೆ ಏನೂ ಸಿಗುವುದಿಲ್ಲ. ಪ್ರಶ್ನೆಯಾಗಿ ಬರೆಯಲು ಕುಳಿತರೆ ನಾಲ್ಕು ಸಂಗತಿ ನಮಗೇ ಗೊತ್ತಿರಬೇಕಾಗುತ್ತದೆ: ಯಾರು, ಅವರಿಗೆ ಏನು ಮಾಡಿದರು, ಯಾವುದಕ್ಕೆ ಹೋಲಿಸಿದರು, ಏನನ್ನು ಎಣಿಸಿದರು. ಸ್ಪ್ರಿಂಟ್‌ನದು ಹೀಗಾಗುತ್ತದೆ: ‘ಸಕ್ಕರೆ ಕಾಯಿಲೆ ಇಲ್ಲದ, ಆದರೆ ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚಿರುವ 50 ದಾಟಿದವರಲ್ಲಿ, ಬಿ.ಪಿ.ಯ ಮೇಲಿನ ಅಂಕಿಯನ್ನು 140ಕ್ಕಿಂತ ಕೆಳಗಿಡುವ ಬದಲು 120ಕ್ಕಿಂತ ಕೆಳಗಿಟ್ಟರೆ, ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಕಡಿಮೆಯಾಗುತ್ತವೆಯೇ?’ ವಾಕ್ಯ ಉದ್ದವಾಯಿತು, ನಿಜ. ಬರೆಯುವಾಗ ಎರಡಾಗಿ ಒಡೆಯಬಹುದು. ಆದರೆ ನಾಲ್ಕರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಅದರಲ್ಲೂ ಹೋಲಿಕೆಯನ್ನು. ಇಲ್ಲಿ ಹೋಲಿಸಿದ್ದು ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಅಲ್ಲ. ಎರಡೂ ಗುಂಪಿಗೆ ಚಿಕಿತ್ಸೆ ಇತ್ತು. ಗುರಿ ಮಾತ್ರ ಬೇರೆ. ಮೊದಲ ಕೋಷ್ಟಕ ನೋಡಿದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ: ಅಧ್ಯಯನಕ್ಕೆ ಬರುವಾಗಲೇ ಇವರ ಮೇಲಿನ ಅಂಕಿಯ ಸರಾಸರಿ 139.7 ಇತ್ತು, ಶೇ 90ರಷ್ಟು ಜನ ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ‘ಬಿ.ಪಿ. ಏರಿ ಹೋದವರನ್ನು 120ಕ್ಕೆ ಇಳಿಸಿದರು’ ಎಂಬ ಚಿತ್ರವೇ ತಪ್ಪು. ಸುಮಾರು 140ರಲ್ಲಿದ್ದವರನ್ನು ಅಲ್ಲಿಂದ ಇನ್ನೂ ಕೆಳಕ್ಕೆ ಒಯ್ಯಬೇಕೇ ಎಂಬುದು ಪ್ರಶ್ನೆ.

ವಿಧಾನದ ಭಾಗದಲ್ಲಿ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು? ಫಲಿತಾಂಶವನ್ನು ನಂಬುವುದಕ್ಕೋ ಅನುಮಾನಿಸುವುದಕ್ಕೋ ಕಾರಣವಾಗುವ ವಿವರ ಇರಲಿ, ಉಳಿದದ್ದು ಹೋಗಲಿ ಎಂಬುದು ನಾನು ಇಟ್ಟುಕೊಂಡಿರುವ ಅಳತೆ. ಅಮೆರಿಕದ 102 ಕೇಂದ್ರಗಳು ಎಂಬುದನ್ನು ‘ಅಮೆರಿಕದಲ್ಲಿ’ ಎಂದರೆ ಸಾಕು. ಯಾವ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿದರು ಎಂಬುದು ಬೇಡ. 9,361 ಜನರನ್ನು ಎರಡು ಗುಂಪು ಮಾಡಿದ್ದು ವೈದ್ಯರ ಇಷ್ಟದಂತೆ ಅಲ್ಲ, ಚೀಟಿ ಎತ್ತಿದ ಹಾಗೆ ಎಂಬುದು ಬೇಕೇ ಬೇಕು. ‘ಯಾದೃಚ್ಛಿಕ ನಿಯಂತ್ರಿತ ಪ್ರಯೋಗ’ ಎಂದು ಬರೆದರೆ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು, ಹಾಗಾಗಿ ವಯಸ್ಸು, ಕಾಯಿಲೆ, ಅಭ್ಯಾಸಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇದ್ದವು.’ ಈ ಎರಡನೇ ಅರ್ಧ ಬಿಟ್ಟರೆ ಚೀಟಿ ಯಾಕೆ ಎತ್ತಿದರು ಎಂಬುದು ಓದುಗರಿಗೆ ಹೊಳೆಯುವುದಿಲ್ಲ.

ವಿಧಾನದಲ್ಲಿ ಹೂತುಹೋಗಿರುವ ಎರಡು ವಿವರಗಳನ್ನು ಮಾತ್ರ ಕೆದಕಿ ತರಬೇಕು. ಮೊದಲನೆಯದು, 140ರ ಗುಂಪನ್ನು ನಡೆಸಿಕೊಂಡ ರೀತಿ. ಆ ಗುಂಪಿನವರ ಮೇಲಿನ ಅಂಕಿ ಒಂದು ಭೇಟಿಯಲ್ಲಿ 130ಕ್ಕಿಂತ ಕೆಳಗೆ ಬಂದರೆ, ಅಥವಾ ಸತತ ಎರಡು ಭೇಟಿಗಳಲ್ಲಿ 135ಕ್ಕಿಂತ ಕೆಳಗೆ ಬಂದರೆ, ಔಷಧ ಕಡಿಮೆ ಮಾಡುವ ನಿಯಮವಿತ್ತು. ಅಂದರೆ ‘ಮಾಮೂಲು ಚಿಕಿತ್ಸೆ’ ಎಂದು ಕರೆದ ಗುಂಪಿನಲ್ಲಿ ಬಿ.ಪಿ. ತಾನಾಗಿ ಚೆನ್ನಾಗಿ ಇಳಿದಿದ್ದರೂ ಅದನ್ನು ಮೇಲಕ್ಕೆ ಬಿಡುತ್ತಿದ್ದರು. ಎರಡು ಗುಂಪುಗಳ ನಡುವೆ ಅಂತರ ಉಳಿಸಿಕೊಳ್ಳಲು ಇದು ಬೇಕಾಗಿತ್ತು. ವರ್ಷ ಕಳೆಯುವಾಗ ಒಂದು ಗುಂಪಿನ ಸರಾಸರಿ 121.4, ಇನ್ನೊಂದರದು 136.2. ಆದರೆ ಓದುಗರು ‘ಮಾಮೂಲು’ ಎಂದರೆ ತಮ್ಮ ವೈದ್ಯರು ಕೊಡುವ ಚಿಕಿತ್ಸೆ ಎಂದು ಎಣಿಸುತ್ತಾರೆ. ಹಾಗಾಗಿ ಆ ಪದವನ್ನೇ ಬಿಟ್ಟು ‘140ರ ಗುಂಪು’, ‘120ರ ಗುಂಪು’ ಎಂದು ಕರೆಯುವುದು ಮೇಲು. ಕೊನೆಯವರೆಗೂ ಅದೇ ಹೆಸರು ಇರಲಿ. ಒಂದು ಕಡೆ ‘ತೀವ್ರ ಗುಂಪು’, ಇನ್ನೊಂದು ಕಡೆ ‘ಮೊದಲ ಗುಂಪು’, ಮತ್ತೊಂದು ಕಡೆ ‘ಪ್ರಾಯೋಗಿಕ ಗುಂಪು’ ಎಂದರೆ ಓದುಗರು ಮೂರು ಗುಂಪು ಹುಡುಕುತ್ತಾರೆ. ಶೈಲಿಗೆಂದು ಪದ ಬದಲಾಯಿಸುವ ಅಭ್ಯಾಸ ಕಥೆಗೆ ಚೆಂದ, ಇಲ್ಲಿ ತೊಡಕು.

ಎರಡನೆಯದು, ಬಿ.ಪಿ. ಅಳೆದ ರೀತಿ. ಐದು ನಿಮಿಷ ಸುಮ್ಮನೆ ಕೂರಿಸಿ, ತಾನಾಗಿ ಅಳೆಯುವ ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದರು. ಅನೇಕ ಕೇಂದ್ರಗಳಲ್ಲಿ ಆ ಹೊತ್ತಿಗೆ ಸಿಬ್ಬಂದಿ ಕೋಣೆಯಲ್ಲಿ ಇರುತ್ತಿರಲಿಲ್ಲ. ಎಲ್ಲ ಕೇಂದ್ರಗಳೂ ಇದನ್ನು ಒಂದೇ ರೀತಿ ಮಾಡಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಇದೆಲ್ಲ ಸಣ್ಣ ವಿಷಯವೆಂದು ತೋರಬಹುದು. ಆದರೆ ಕ್ಲಿನಿಕ್ಕಿನ ಗಡಿಬಿಡಿಯಲ್ಲಿ, ಮೆಟ್ಟಿಲು ಹತ್ತಿ ಬಂದ ತಕ್ಷಣ, ಮಾತಾಡುತ್ತ ಕುಳಿತಾಗ ಅಳೆದ ಅಂಕಿ ಇದಕ್ಕಿಂತ ಹೆಚ್ಚೇ ಬರುವುದು ಸಾಮಾನ್ಯ. ಸ್ಪ್ರಿಂಟ್‌ನ 120, ಅವಸರದಲ್ಲಿ ಅಳೆದ 120 ಎರಡೂ ಒಂದೇ ಅಲ್ಲ. ಅವಸರದ ಅಳತೆಯಲ್ಲಿ 120 ಬರುವವರೆಗೆ ಔಷಧ ಏರಿಸಿದರೆ, ಅಧ್ಯಯನದಲ್ಲಿ ಇಳಿಸಿದ್ದಕ್ಕಿಂತ ಕೆಳಕ್ಕೆ ಇಳಿಸಿದಂತಾಗುತ್ತದೆ. ವಿಧಾನದ ಒಂದು ಸಾಲು ಓದುಗರ ಮೈಮೇಲೆ ಪರಿಣಾಮ ಬೀರುವುದು ಹೀಗೆ.

ಇನ್ನು ಫಲಿತಾಂಶ. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ಪ್ರಬಂಧ ಕೊಡುವ ಮುಖ್ಯ ಅಂಕಿ ಹಜಾರ್ಡ್ ರೇಷಿಯೊ 0.75. ಒಂದು ಗುಂಪಿನಲ್ಲಿ ತೊಂದರೆ ಘಟಿಸುವ ವೇಗವನ್ನು ಇನ್ನೊಂದರ ವೇಗದಿಂದ ಭಾಗಿಸಿದರೆ ಬರುವ ಅಂಕಿ ಎಂದು ಸ್ಥೂಲವಾಗಿ ತಿಳಿದುಕೊಳ್ಳಬಹುದು. 120ರ ಗುಂಪಿನ ವೇಗ 140ರ ಗುಂಪಿನದರ ಮುಕ್ಕಾಲು. ಅಂದರೆ ಕಾಲು ಭಾಗ ಕಡಿಮೆ. ‘ಶೇ 25’ ಬಂದದ್ದು ಇಲ್ಲಿಂದ. ಈಗ ಇದನ್ನು ಓದಿದ ಸಾಮಾನ್ಯ ಓದುಗರು ಮನಸ್ಸಿನಲ್ಲಿ ಹಾಕುವ ಲೆಕ್ಕ ನೋಡಿ: ನೂರು ಜನ ಬಿ.ಪಿ. ಇಳಿಸಿಕೊಂಡರೆ ಇಪ್ಪತ್ತೈದು ಜನ ಪಾರಾಗುತ್ತಾರೆ. ಹಾಗಲ್ಲ. ಶೇ 25 ಎಂಬುದು ತೊಂದರೆಗೆ ಒಳಗಾಗಲಿದ್ದವರಲ್ಲಿ ಶೇ 25, ಎಲ್ಲರಲ್ಲಿ ಅಲ್ಲ. ಆ ‘ಒಳಗಾಗಲಿದ್ದವರು’ ಎಷ್ಟು ಜನ ಎಂದು ಹೇಳದೆ ಶೇಕಡ ಕೊಟ್ಟರೆ, ಅದು ಅರ್ಧ ಮಾಹಿತಿ.

ಉಳಿದರ್ಧ ಕೋಷ್ಟಕದಲ್ಲೇ ಇದೆ. 140ರ ಗುಂಪಿನ 4,683 ಜನರಲ್ಲಿ 319 ಮಂದಿಗೆ ತೊಂದರೆಯಾಯಿತು. 120ರ ಗುಂಪಿನ 4,678 ಜನರಲ್ಲಿ 243 ಮಂದಿಗೆ. ಈ ರೂಪದಲ್ಲೇ ಕೊಟ್ಟರೆ ಹೋಲಿಸುವುದು ಕಷ್ಟ, ಏಕೆಂದರೆ ಕೆಳಗಿನ ಸಂಖ್ಯೆ ಉರುಟಾಗಿಲ್ಲ. ಎರಡನ್ನೂ ಸಾವಿರಕ್ಕೆ ತನ್ನಿ: 319 ಭಾಗಿಸು 4,683, ಗುಣಿಸು 1,000, ಸುಮಾರು 68. ಇನ್ನೊಂದನ್ನೂ ಹಾಗೇ ಮಾಡಿದರೆ 52. ಈಗ ವಾಕ್ಯ ತಾನಾಗಿ ಬರುತ್ತದೆ: ‘ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ, 140ರ ಗುಂಪಿನ ಪ್ರತಿ ಸಾವಿರ ಜನರಲ್ಲಿ 68 ಮಂದಿಗೆ ಈ ತೊಂದರೆಗಳಲ್ಲಿ ಒಂದಾದರೂ ಬಂತು, 120ರ ಗುಂಪಿನಲ್ಲಿ 52 ಮಂದಿಗೆ.’ ವ್ಯತ್ಯಾಸ ಸಾವಿರಕ್ಕೆ 16. ಇದು ಸಣ್ಣದೋ ದೊಡ್ಡದೋ ಎಂದು ಓದುಗರೇ ಅಳೆದುಕೊಳ್ಳಬಲ್ಲರು. ನನ್ನ ಮಟ್ಟಿಗೆ ಇದು ಗಣನೀಯ ವ್ಯತ್ಯಾಸ, ಆದರೆ ಸಾರಾಂಶದಲ್ಲಿ ‘ಗಣನೀಯ’, ‘ಅದ್ಭುತ’, ‘ಅಲ್ಪ’ ಎಂಬ ವಿಶೇಷಣ ಹಾಕುವುದಿಲ್ಲ. ಅಂಕಿ ಇರುವಾಗ ವಿಶೇಷಣ ಅಂಕಿಯನ್ನು ಬಣ್ಣಿಸುವುದಕ್ಕಿಂತ ಮರೆಸುವುದೇ ಹೆಚ್ಚು.

ಸಾವಿರಕ್ಕೇ ಯಾಕೆ, ನೂರಕ್ಕೆ ಯಾಕಲ್ಲ? ನೂರಕ್ಕೆ ತಂದರೆ 6.8 ಮತ್ತು 5.2 ಆಗುತ್ತದೆ, ಮನುಷ್ಯರನ್ನು ದಶಮಾಂಶದಲ್ಲಿ ಎಣಿಸುವುದು ಓದುಗರಿಗೆ ಹಿಡಿಸದು. ಎಲ್ಲ ಅಂಕಿಗಳೂ ಪೂರ್ಣ ಮನುಷ್ಯರಾಗಿ ಬರುವಷ್ಟು ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡು, ಇಡೀ ಸಾರಾಂಶದಲ್ಲಿ ಅದನ್ನೇ ಉಳಿಸಿಕೊಳ್ಳಬೇಕು. ಒಂದು ಕಡೆ ಸಾವಿರಕ್ಕೆ, ಇನ್ನೊಂದು ಕಡೆ ‘61ರಲ್ಲಿ ಒಬ್ಬರಿಗೆ’ ಎಂದು ಕೊಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಾಗದು.

ಆ 61 ಎಲ್ಲಿಂದ ಬಂತು ಎಂದರೆ, ಪ್ರಬಂಧದಲ್ಲೇ ಇದೆ: ಒಬ್ಬರಿಗೆ ತೊಂದರೆ ತಪ್ಪಲು 61 ಜನರಿಗೆ ಈ ಚಿಕಿತ್ಸೆ ಕೊಡಬೇಕು, ಒಂದು ಸಾವು ತಪ್ಪಲು 90 ಜನರಿಗೆ. ಇಲ್ಲೊಂದು ಎಚ್ಚರಿಕೆ. ಸಾವಿನ ಲೆಕ್ಕವನ್ನು ನಾವೇ ಹಾಕಿದರೆ, 210 ಮತ್ತು 155 ಸಾವುಗಳು ಸಾವಿರಕ್ಕೆ 45 ಮತ್ತು 33 ಆಗುತ್ತವೆ, ವ್ಯತ್ಯಾಸ 12. ಸಾವಿರವನ್ನು 12ರಿಂದ ಭಾಗಿಸಿದರೆ 83 ಬರುತ್ತದೆ, 90 ಅಲ್ಲ. ಯಾರೂ ತಪ್ಪಿಲ್ಲ. ಎಲ್ಲರೂ ಒಂದೇ ದಿನ ಸೇರಿದವರಲ್ಲ. ಕೆಲವರನ್ನು ಹೆಚ್ಚು ಕಾಲ, ಕೆಲವರನ್ನು ಕಡಿಮೆ ಕಾಲ ಗಮನಿಸಿದ್ದಾರೆ. ಪ್ರಬಂಧದ ಲೆಕ್ಕ ಆ ಕಾಲವನ್ನೂ ಸೇರಿಸಿಕೊಂಡಿದೆ, ನಮ್ಮ ಸರಳ ಭಾಗಾಕಾರ ಸೇರಿಸಿಕೊಂಡಿಲ್ಲ. ಸರಳ ಲೆಕ್ಕವನ್ನು ಬಳಸಬಹುದು, ಆದರೆ ‘ಸುಮಾರು’ ಎಂದು ಹೇಳಿ ಬಳಸಬೇಕು. ಪ್ರಬಂಧದ ಅಂಕಿಗೂ ನಮ್ಮದಕ್ಕೂ ತುಂಬ ಅಂತರ ಬಂದರೆ, ನಾವು ತಪ್ಪು ಸಾಲಿನ ಅಂಕಿ ತೆಗೆದಿದ್ದೇವೆಯೇ ಎಂದು ಮತ್ತೆ ಕೋಷ್ಟಕ ನೋಡಬೇಕು. ಈ ಭಾಗಾಕಾರದ ದೊಡ್ಡ ಉಪಯೋಗವೇ ಆ ತಪಾಸಣೆ.

0.75ರ ಪಕ್ಕದಲ್ಲಿ ಕಂಸದೊಳಗೆ 0.64ರಿಂದ 0.89 ಎಂದಿದೆ. ಅನೇಕ ಸಾರಾಂಶಗಳು ಇದನ್ನು ಬಿಟ್ಟೇಬಿಡುತ್ತವೆ. ಬಿಡಬಾರದು. ಇದನ್ನು ‘ಶೇ 95 ವಿಶ್ವಾಸಾಂತರ’ ಎಂದು ಹೆಸರಿಸಿ ವಿವರಿಸಲು ಹೋದರೆ ಒಂದು ಪ್ಯಾರಾ ಹೋಗುತ್ತದೆ, ‘ಇಳಿಕೆ ಶೇ 25 ಎಂಬುದು ಅಂದಾಜು, ನಿಜವಾದ ಇಳಿಕೆ ಶೇ 11ರಷ್ಟು ಕಡಿಮೆಯೂ ಶೇ 36ರಷ್ಟು ಹೆಚ್ಚೂ ಇರಬಹುದು ಎಂಬುದಕ್ಕೆ ಈ ಅಂಕಿಗಳು ಹೊಂದುತ್ತವೆ’ ಎಂದರೆ ಕೆಲಸ ಮುಗಿಯಿತು. ಒಂದರಿಂದ 0.89 ಕಳೆದರೆ 0.11, ಅಂದರೆ ಶೇ 11; 0.64 ಕಳೆದರೆ 0.36, ಅಂದರೆ ಶೇ 36. ತಿರುವುಮುರುವಾಗಿ ಬರೆಯುವ ತಪ್ಪು ಇಲ್ಲಿ ಸುಲಭ. ಬರೆದಾದ ಮೇಲೆ ಒಮ್ಮೆ ಕಳೆದು ನೋಡಿ.

ಈ ಕಂಸದ ಅಂಕಿಗಳು ಇನ್ನೂ ಹೆಚ್ಚು ಬೇಕಾಗುವುದು ಬಿಡಿಬಿಡಿ ಫಲಿತಾಂಶಗಳಲ್ಲಿ. ಸ್ಪ್ರಿಂಟ್ ಎಣಿಸಿದ್ದು ಒಂದು ತೊಂದರೆಯನ್ನಲ್ಲ, ಐದನ್ನು ಸೇರಿಸಿ ಕಟ್ಟಿದ ಒಂದು ಕಟ್ಟನ್ನು: ಹೃದಯಾಘಾತ, ಹೃದಯದ ರಕ್ತನಾಳಕ್ಕೆ ಸಂಬಂಧಿಸಿದ ಇತರ ತುರ್ತು ತೊಂದರೆ, ಪಾರ್ಶ್ವವಾಯು, ಹೃದಯ ವೈಫಲ್ಯ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು. ಕಟ್ಟಿನಲ್ಲಿ ಇಳಿಕೆಯಾಯಿತು ಎಂದರೆ ಒಳಗಿನ ಐದೂ ಇಳಿದವು ಎಂದಲ್ಲ. ಬಿಚ್ಚಿ ನೋಡಿದರೆ, ಸಾವಿರಕ್ಕೆ ತರದ ಒಟ್ಟು ಸಂಖ್ಯೆಯಲ್ಲಿ, ಹೃದಯ ವೈಫಲ್ಯ 140ರ ಗುಂಪಿನ 100ರಿಂದ 120ರ ಗುಂಪಿನ 62ಕ್ಕೆ ಇಳಿದಿದೆ, ಹೃದಯ ಸಂಬಂಧಿ ಸಾವು 65ರಿಂದ 37ಕ್ಕೆ. ಇತರ ತುರ್ತು ತೊಂದರೆಗಳು ಎರಡೂ ಗುಂಪಿನಲ್ಲಿ 40. ಪಾರ್ಶ್ವವಾಯು 70 ಮತ್ತು 62, ಅನುಪಾತ 0.89, ಅದರ ಕಂಸ 0.63ರಿಂದ 1.25. ಅನುಪಾತ ಒಂದು ಎಂದರೆ ಎರಡೂ ಗುಂಪು ಸಮ; ಈ ಕಂಸ ಆ ಒಂದನ್ನು ದಾಟಿ ಆಚೆಗೂ ಹೋಗಿದೆ. ಅಂದರೆ ಪಾರ್ಶ್ವವಾಯು ಕಡಿಮೆಯಾಗಿರಲೂಬಹುದು, ಆಗದೆಯೂ ಇರಬಹುದು, ಇಷ್ಟು ಘಟನೆಗಳಿಂದ ಹೇಳಲಾಗದು. ಇದನ್ನು ‘ಪಾರ್ಶ್ವವಾಯು ಕಡಿಮೆಯಾಯಿತು’ ಎಂದರೆ ತಪ್ಪು. ‘ಪಾರ್ಶ್ವವಾಯುವಿನ ಮೇಲೆ ಪರಿಣಾಮವಿಲ್ಲ ಎಂದು ಸಾಬೀತಾಯಿತು’ ಎಂದರೆ ಅದೂ ಅಷ್ಟೇ ತಪ್ಪು, ಮತ್ತು ನಾನು ಕಂಡಂತೆ ಓದಿಕೊಂಡವರು ಮಾಡುವುದು ಈ ಎರಡನೇ ತಪ್ಪನ್ನೇ. ‘ಗೊತ್ತಾಗಲಿಲ್ಲ’ ಎಂಬುದು ‘ಇಲ್ಲ’ ಎಂಬುದಲ್ಲ.

ಲಾಭವನ್ನು ಹೇಳಿದ ಕೂಡಲೇ, ಅದೇ ಉಸಿರಿನಲ್ಲಿ, ನಷ್ಟವನ್ನು ಹೇಳಬೇಕು. ಅದನ್ನು ಮಿತಿಗಳ ಜೊತೆ ಕೊನೆಗೆ ಹಾಕುವ ರೂಢಿಯಿದೆ. ಇದು ವರ್ಗೀಕರಣದ ದೋಷ: ಔಷಧದಿಂದಾದ ತೊಂದರೆ ಅಧ್ಯಯನದ ಮಿತಿಯಲ್ಲ, ಅಧ್ಯಯನ ಕಂಡುಕೊಂಡ ಫಲಿತಾಂಶ. ತೊಂದರೆಗಳ ಕೋಷ್ಟಕದಲ್ಲಿ ಗಂಭೀರ ಸ್ವರೂಪದವುಗಳ ಪೈಕಿ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದದ್ದು 120ರ ಗುಂಪಿನಲ್ಲಿ ಶೇ 4.1, ಇನ್ನೊಂದರಲ್ಲಿ ಶೇ 2.5. ಬಿ.ಪಿ. ಅತಿಯಾಗಿ ಕುಸಿದದ್ದು ಶೇ 2.4 ಮತ್ತು 1.4. ಪ್ರಜ್ಞೆ ತಪ್ಪಿದ್ದು ಶೇ 2.3 ಮತ್ತು 1.7. ಬಿದ್ದು ಪೆಟ್ಟು ಮಾಡಿಕೊಂಡದ್ದರಲ್ಲಿ ಮಾತ್ರ ವ್ಯತ್ಯಾಸವಿಲ್ಲ ಎನ್ನಬಹುದು, 2.2 ಮತ್ತು 2.3.

ಲಾಭಕ್ಕೆ ‘ಶೇ 25 ಇಳಿಕೆ’ ಎಂದು ಬರೆದು, ನಷ್ಟಕ್ಕೆ ‘ಶೇ 2.5ರಿಂದ 4.1ಕ್ಕೆ ಏರಿಕೆ’ ಎಂದು ಬರೆದರೆ ಏನಾಗುತ್ತದೆ? ಒಂದು ಬೆಟ್ಟದಂತೆ, ಇನ್ನೊಂದು ಚುಕ್ಕೆಯಂತೆ ಕಾಣುತ್ತದೆ. ಲಾಭಕ್ಕೆ ಬಳಸಿದ ಅಳತೆಯನ್ನೇ ನಷ್ಟಕ್ಕೂ ಬಳಸಿದರೆ, ಮೂತ್ರಪಿಂಡದ ತೊಂದರೆ ಶೇ 60ಕ್ಕೂ ಹೆಚ್ಚು ಏರಿತು ಎನ್ನಬೇಕಾಗುತ್ತದೆ. ಎರಡನ್ನೂ ಸಾವಿರಕ್ಕೆ ತನ್ನಿ: ಹೃದಯದ ತೊಂದರೆ 16 ಜನರಿಗೆ ಕಡಿಮೆ, ಮೂತ್ರಪಿಂಡದ ಗಂಭೀರ ತೊಂದರೆ 16 ಜನರಿಗೆ ಹೆಚ್ಚು. ಅಂಕಿ ಒಂದೇ ಆದ ಮಾತ್ರಕ್ಕೆ ತೂಕ ಒಂದೇ ಅಲ್ಲ. ಸಾವು ಮತ್ತು ಹೃದಯಾಘಾತ ಒಂದು ತಕ್ಕಡಿಯಲ್ಲಿದ್ದರೆ, ಬಹಳಷ್ಟು ಸಲ ಚೇತರಿಸಿಕೊಳ್ಳಬಹುದಾದ ಮೂತ್ರಪಿಂಡದ ಪೆಟ್ಟು ಇನ್ನೊಂದರಲ್ಲಿದೆ. ಇದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ಆದರೆ ತೂಗುವ ಕೆಲಸವನ್ನು ಓದುಗರಿಂದ ಕಿತ್ತುಕೊಳ್ಳಬಾರದು.

ಮಿತಿಗಳ ಬಗ್ಗೆ ಒಂದೇ ಮಾತು ಹೇಳುವುದಾದರೆ, ಪ್ರತಿ ಮಿತಿಯ ಬಾಯಲ್ಲೂ ‘ಆದ್ದರಿಂದ’ ಇರಬೇಕು. “ಅಧ್ಯಯನವನ್ನು ಅವಧಿಗೆ ಮುಂಚೆ ನಿಲ್ಲಿಸಲಾಯಿತು, ಮಧುಮೇಹಿಗಳನ್ನು ಸೇರಿಸಿಕೊಂಡಿರಲಿಲ್ಲ, ಇನ್ನಷ್ಟು ಸಂಶೋಧನೆ ಅಗತ್ಯ” ಎಂದು ಪಟ್ಟಿ ಕೊಟ್ಟರೆ ಓದುಗರು ಅದನ್ನು ಹಾರಿಸಿ ಹೋಗುತ್ತಾರೆ. ಮಿತಿಯಿಂದ ಯಾವ ತೀರ್ಮಾನ, ಯಾವ ದಿಕ್ಕಿಗೆ, ಎಷ್ಟು ಅಲುಗಾಡುತ್ತದೆ ಎಂದು ಹೇಳಿದರೆ ಮಾತ್ರ ಅದಕ್ಕೆ ಅರ್ಥ.

ಬೇಗ ನಿಲ್ಲಿಸಿದ್ದನ್ನೇ ತೆಗೆದುಕೊಳ್ಳಿ. ಸರಾಸರಿ ಐದು ವರ್ಷ ನಡೆಸುವ ಯೋಜನೆಯಿತ್ತು. ಲಾಭ ಸ್ಪಷ್ಟವಾಗಿ ಕಂಡದ್ದರಿಂದ 2015ರ ಆಗಸ್ಟಿನಲ್ಲಿ ನಿಲ್ಲಿಸಲು ತೀರ್ಮಾನಿಸಿದರು. ಆಗ ಭಾಗವಹಿಸಿದವರನ್ನು ಗಮನಿಸಿದ ಕಾಲದ ಮಧ್ಯಾಂಕ 3.26 ವರ್ಷ. ಇದು ಭಾಗವಹಿಸಿದವರ ಹಿತದೃಷ್ಟಿಯಿಂದ ಸರಿಯಾದದ್ದೇ. ಆದರೆ ನಡೆಯುತ್ತಿರುವ ಪ್ರಯೋಗದಲ್ಲಿ ಲಾಭದ ಅಂದಾಜು ಮೇಲೆ ಕೆಳಗೆ ಓಲಾಡುತ್ತಿರುತ್ತದೆ, ಮತ್ತು ನಿಲ್ಲಿಸುವ ನಿರ್ಧಾರ ಬರುವುದು ಅದು ಮೇಲಿರುವಾಗಲೇ. ಆದ್ದರಿಂದ 25 ಎಂಬುದು ನಿಜಕ್ಕಿಂತ ಸ್ವಲ್ಪ ಹೆಚ್ಚಿನ ಅಂದಾಜಾಗಿರುವ ಸಾಧ್ಯತೆಯಿದೆ. ಜೊತೆಗೆ, ನಿಧಾನವಾಗಿ ಕಾಣಿಸಿಕೊಳ್ಳುವ ತೊಂದರೆಗಳಿಗೆ ಮೂರು ವರ್ಷ ಸಾಲದು.

ಹಾಗೆಯೇ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದು. ಸಕ್ಕರೆ ಕಾಯಿಲೆ ಇದ್ದವರು, ಹಿಂದೆ ಪಾರ್ಶ್ವವಾಯು ಆದವರು, ಆರೈಕೆ ಮನೆಗಳಲ್ಲಿ ಇರುವವರು ಇದರಲ್ಲಿ ಇರಲಿಲ್ಲ. ಆದ್ದರಿಂದ ಅವರಿಗೆ ಈ ಅಂಕಿಗಳನ್ನು ನೇರವಾಗಿ ಅನ್ವಯಿಸುವಂತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಇದೇ 120 ಮತ್ತು 140ರ ಗುರಿಗಳನ್ನು ಹೋಲಿಸಿದ ‘ಅಕಾರ್ಡ್’ ಎಂಬ ಅಧ್ಯಯನ 2010ರಲ್ಲಿ ಬಂದಿತ್ತು. ಅಲ್ಲಿ ಮುಖ್ಯ ಅನುಪಾತ 0.88, ಕಂಸ 0.73ರಿಂದ 1.06. ಲಾಭವಿದೆ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಸಾಮಾನ್ಯ ಓದುಗರಿಗಾಗಿ ಬರೆಯುವಾಗ ಈ ಮಿತಿಯನ್ನು ಕೊನೆಯವರೆಗೆ ಕಾಯಿಸದೆ ಮೊದಲ ವಾಕ್ಯದಲ್ಲೇ ತರುವುದು ಒಳ್ಳೆಯದು; ಬಿ.ಪಿ. ಇರುವ ಅನೇಕರಿಗೆ ಸಕ್ಕರೆಯೂ ಇರುತ್ತದೆ, ಅವರು ಮೊದಲ ಎರಡು ಸಾಲು ಓದಿ ಮುಚ್ಚಿಬಿಟ್ಟರೆ ತಪ್ಪು ತಿಳಿವಳಿಕೆಯೇ ಉಳಿಯುತ್ತದೆ.

ಲೇಖಕರು ಹೇಳದ, ಓದುವವರು ಹಿಡಿದ ಮಿತಿಯೂ ಉಂಟು. ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. 120ರ ಗುಂಪಿನಲ್ಲಿ ಸರಾಸರಿ 2.8 ಔಷಧ, ಇನ್ನೊಂದರಲ್ಲಿ 1.8; 120ರ ಗುಂಪಿಗೆ ಹೆಚ್ಚುವರಿಯಾಗಿ ಕೊಟ್ಟವುಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಗಳೂ ಇದ್ದವು. ಅವು ಹೃದಯ ವೈಫಲ್ಯದ ಊತ, ಉಬ್ಬಸವನ್ನು ತಾವೇ ಕಡಿಮೆ ಮಾಡುತ್ತವೆ. ಆದ್ದರಿಂದ ಹೃದಯ ವೈಫಲ್ಯ ಕಡಿಮೆ ಕಂಡದ್ದರಲ್ಲಿ ಸ್ವಲ್ಪ ಪಾಲು ಬಿ.ಪಿ. ಇಳಿಕೆಯದ್ದಾಗಿರದೆ ಔಷಧದ್ದಾಗಿರಬಹುದು ಎಂಬ ಟೀಕೆ ಬಂತು. ಇಂಥದ್ದನ್ನು ಸೇರಿಸುವಾಗ ‘ಲೇಖಕರು ಹೇಳುತ್ತಾರೆ’, ‘ಟೀಕಾಕಾರರು ಹೇಳುತ್ತಾರೆ’ ಎಂದು ಬೇರ್ಪಡಿಸಿ ಬರೆಯಬೇಕು.

ಇಷ್ಟನ್ನೂ ಸೇರಿಸಿದರೆ ಸಾರಾಂಶ ಹೀಗಾಗುತ್ತದೆ:

“ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚಿರುವ, ಆದರೆ ಸಕ್ಕರೆ ಕಾಯಿಲೆ ಇಲ್ಲದ ಮತ್ತು ಹಿಂದೆ ಪಾರ್ಶ್ವವಾಯು ಆಗಿರದ, 50 ವರ್ಷ ದಾಟಿದವರ ಬಿ.ಪಿ.ಯನ್ನು ಎಷ್ಟು ಇಳಿಸಬೇಕು? ಮೇಲಿನ ಅಂಕಿ 140ಕ್ಕಿಂತ ಕೆಳಗಿದ್ದರೆ ಸಾಕೇ, 120ಕ್ಕಿಂತ ಕೆಳಗೆ ತರಬೇಕೇ? ಅಮೆರಿಕದಲ್ಲಿ 9,361 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಗುರಿ ಇಟ್ಟು, ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಗಮನಿಸಿದರು. ಬಿ.ಪಿ.ಯನ್ನು ಐದು ನಿಮಿಷದ ವಿಶ್ರಾಂತಿಯ ನಂತರ ಯಂತ್ರದಿಂದ ಮೂರು ಸಲ ಅಳೆದರು. ಅವಸರದಲ್ಲಿ ಅಳೆದ ಅಂಕಿ ಇದಕ್ಕಿಂತ ಹೆಚ್ಚು ಬರುವುದು ಸಾಮಾನ್ಯ.

140ರ ಗುಂಪಿನ ಪ್ರತಿ ಸಾವಿರ ಜನರಲ್ಲಿ ಸುಮಾರು 68 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಂಥ ತೊಂದರೆ ಬಂತು ಅಥವಾ ಅವುಗಳಿಂದ ಸಾವಾಯಿತು. 120ರ ಗುಂಪಿನಲ್ಲಿ ಸುಮಾರು 52 ಮಂದಿಗೆ. ಎಲ್ಲ ಕಾರಣಗಳ ಸಾವು ಸಾವಿರಕ್ಕೆ 45ರ ಬದಲು 33. ಹೃದಯ ವೈಫಲ್ಯದ ಇಳಿಕೆ ಸ್ಪಷ್ಟ. ಪಾರ್ಶ್ವವಾಯು ಕಡಿಮೆಯಾಯಿತೇ ಎಂಬುದು ಗೊತ್ತಾಗಲಿಲ್ಲ. ಇದೇ ವೇಳೆ ಮೂತ್ರಪಿಂಡದ ಗಂಭೀರ ತೊಂದರೆ ಸಾವಿರಕ್ಕೆ 25ರಿಂದ 41ಕ್ಕೆ, ಬಿ.ಪಿ. ಅತಿಯಾಗಿ ಕುಸಿಯುವುದು 14ರಿಂದ 24ಕ್ಕೆ ಏರಿತು. 120ರ ಗುಂಪಿನವರು ಸರಾಸರಿ ಒಂದು ಔಷಧವನ್ನು ಹೆಚ್ಚು ತೆಗೆದುಕೊಂಡರು.

ಲಾಭ ಕಂಡ ಕೂಡಲೇ ಅಧ್ಯಯನ ನಿಲ್ಲಿಸಿದ್ದರಿಂದ, ಲಾಭದ ಅಂಕಿ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿರಬಹುದು. ದೀರ್ಘಕಾಲದ ತೊಂದರೆಗಳು ಇದರಲ್ಲಿ ಕಾಣುವುದಿಲ್ಲ.”

ಇದನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಓದಿದ ಮೇಲೆ ಕಾಗದ ವಾಪಸು ತೆಗೆದುಕೊಂಡು ಮೂರು ಪ್ರಶ್ನೆ ಕೇಳಿ. ಸಾವಿರ ಜನರಲ್ಲಿ ಎಷ್ಟು ಮಂದಿಗೆ ಲಾಭವಾಯಿತು? ಇದು ಯಾರಿಗೆ ಅನ್ವಯಿಸುವುದಿಲ್ಲ? ನಿಮ್ಮ ಬಿ.ಪಿ. 132 ಇದ್ದರೆ ಇದನ್ನು ಓದಿ ಏನು ಮಾಡುತ್ತೀರಿ? ‘ಅರ್ಥವಾಯಿತೇ’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. ಮೊದಲ ಪ್ರಶ್ನೆಗೆ ‘52’ ಎಂಬ ಉತ್ತರ ಬಂದರೆ, ವ್ಯತ್ಯಾಸ 16 ಎಂಬುದನ್ನು ಓದುಗರಿಗೆ ಬಿಡದೆ ನಾವೇ ಬರೆಯಬೇಕು. ಎರಡನೆಯದಕ್ಕೆ ಉತ್ತರ ಬರದಿದ್ದರೆ ಮೊದಲ ವಾಕ್ಯ ತುಂಬ ಉದ್ದವಾಗಿದೆ, ಒಡೆಯಬೇಕು. ಮೂರನೆಯದಕ್ಕೆ ‘ನಾಳೆಯಿಂದಲೇ ಇನ್ನೊಂದು ಮಾತ್ರೆ’ ಎಂದರೆ, ಮೂತ್ರಪಿಂಡದ ಸಾಲು ಅವರ ಕಣ್ಣಿಗೆ ಬಿದ್ದಿಲ್ಲ. ಅದನ್ನು 68 ಮತ್ತು 52ರ ಸಾಲಿನ ಪಕ್ಕಕ್ಕೇ ತನ್ನಿ.